ಮಿನಿ ಎಲ್‌ಇಡಿ ಟಿವಿಯಲ್ಲಿ ಕತ್ತಲ ಸಿನಿಮಾ: ಹಾಲೋ, ಬ್ಲೂಮಿಂಗ್, ಲೋಕಲ್ ಡಿಮ್ಮಿಂಗ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಪ್ಪು ದೃಶ್ಯದ ಮೇಲೆ ಬಿಳಿ ಸಬ್‌ಟೈಟಲ್ ಬಂದ ಕೂಡಲೇ ಅಕ್ಷರಗಳ ಸುತ್ತ ಬೂದು ಮಬ್ಬು ಏಳುತ್ತದೆ. ಹೊಸ ಟಿವಿ ಕೆಟ್ಟಿದೆಯೇ?

ಇಲ್ಲ. ಮಿನಿ ಎಲ್‌ಇಡಿ ಅಂದರೂ ಅದು ಎಲ್‌ಸಿಡಿ ಟಿವಿಯೇ. ಚಿತ್ರ ಮೂಡಿಸುವ ಪಿಕ್ಸೆಲ್‌ಗಳಿಗೆ ಸ್ವಂತ ಬೆಳಕಿಲ್ಲ. ಹಿಂದಿರುವ ಸಣ್ಣ ಸಣ್ಣ ಎಲ್‌ಇಡಿಗಳು ಬೆಳಕು ಕೊಡುತ್ತವೆ, ಮುಂದಿರುವ ಪಿಕ್ಸೆಲ್‌ಗಳು ಕಿಟಕಿಯ ಪರದೆಗಳ ಹಾಗೆ ಆ ಬೆಳಕನ್ನು ಬಿಡುತ್ತವೆ ಅಥವಾ ತಡೆಯುತ್ತವೆ. ತೊಂದರೆ ಏನೆಂದರೆ ಈ ಪರದೆ ಪೂರ್ತಿ ಮುಚ್ಚಿದಾಗಲೂ ಸಂದಿಯಿಂದ ಒಂದಿಷ್ಟು ಬೆಳಕು ಸೋರುತ್ತದೆ.

ಸಬ್‌ಟೈಟಲ್ ಬಂದಾಗ ಆ ಅಕ್ಷರಗಳಿಗಾಗಿ ಹಿಂದಿನ ದೀಪ ಹೊತ್ತಿಕೊಳ್ಳುತ್ತದೆ. ಅದೇ ದೀಪದ ಮುಂದಿರುವ ಕಪ್ಪು ಪಿಕ್ಸೆಲ್‌ಗಳು ಬೆಳಕನ್ನು ತಡೆಯಲು ನೋಡುತ್ತವೆ, ಪೂರ್ತಿ ತಡೆಯಲಾಗುವುದಿಲ್ಲ. ನಿಮಗೆ ಕಾಣುವ ಬೂದು ಮಬ್ಬು ಆ ಸೋರಿಕೆಯೇ. ಇದನ್ನು ಬ್ಲೂಮಿಂಗ್ ಎನ್ನುತ್ತಾರೆ. ಒಂದೇ ವಸ್ತುವಿನ ಸುತ್ತ ಬಳೆಯ ಹಾಗೆ ಕಂಡರೆ ಹಾಲೋ ಎನ್ನುವುದು ರೂಢಿ. ಎರಡಕ್ಕೂ ಕಾರಣ ಒಂದೇ.

ಸಾವಿರ ಝೋನ್ ಇರುವ ಟಿವಿ ಎಂದು ಹೇಳಿ ಮಾರಿದರು. ಅಷ್ಟಿದ್ದರೂ ಹಾಲೋ ಏಕೆ?

ಝೋನ್ ಎಂದರೆ ಹಿಂಬೆಳಕಿನ ಒಂದು ತುಂಡು, ಒಂದೊಂದು ತುಂಡನ್ನೂ ಬೇರೆಯಾಗಿ ಏರಿಸಿ ಇಳಿಸುವುದೇ ಲೋಕಲ್ ಡಿಮ್ಮಿಂಗ್. ಸಾವಿರ ಎನ್ನುವುದು ದೊಡ್ಡ ಸಂಖ್ಯೆಯಂತೆ ಕೇಳಿಸುತ್ತದೆ. ಭಾಗಿಸಿ ನೋಡಿದರೆ ಹಾಗನಿಸುವುದಿಲ್ಲ. 4ಕೆ ಪರದೆಯಲ್ಲಿ ಅಡ್ಡಕ್ಕೆ 3840, ಉದ್ದಕ್ಕೆ 2160, ಒಟ್ಟು ಸುಮಾರು 83 ಲಕ್ಷ ಪಿಕ್ಸೆಲ್‌ಗಳಿವೆ. ಸಾವಿರ ಝೋನ್‌ಗೆ ಹಂಚಿದರೆ ಒಂದೊಂದು ಝೋನ್‌ನ ಪಾಲಿಗೆ 8,300 ಪಿಕ್ಸೆಲ್ ಬರುತ್ತವೆ. ಅಷ್ಟೂ ಪಿಕ್ಸೆಲ್‌ಗಳಿಗೆ ಒಂದೇ ಹಿಂಬೆಳಕು.

65 ಇಂಚಿನ ಪರದೆ ಸುಮಾರು 144 ಸೆಂಟಿಮೀಟರ್ ಅಗಲ, 81 ಸೆಂಟಿಮೀಟರ್ ಎತ್ತರ ಇರುತ್ತದೆ. ಸಾವಿರ ಝೋನ್‌ಗಳಿದ್ದರೆ ಒಂದೊಂದು ಝೋನ್ ಮೂರೂವರೆ ಸೆಂಟಿಮೀಟರ್ ಚೌಕ, 500 ಇದ್ದರೆ ಹತ್ತಿರ ಹತ್ತಿರ ಐದು ಸೆಂಟಿಮೀಟರ್. ಬೆರಳುಗುರಿನಷ್ಟು ದೊಡ್ಡ ಮೇಣದಬತ್ತಿಯ ಜ್ವಾಲೆಗೆ ಬೆಂಕಿಪೊಟ್ಟಣದಷ್ಟು ಜಾಗ ಬೆಳಗಬೇಕು. ಅದರ ಜೊತೆಗೆ, ದೀಪದ ಬೆಳಕು ಝೋನ್‌ನ ಗಡಿಗೆ ಬಂದು ನಿಲ್ಲುವುದಿಲ್ಲ. ಎಲ್‌ಇಡಿ ಮತ್ತು ಪರದೆಯ ನಡುವೆ ಬೆಳಕನ್ನು ಹರಡಿಸುವ ಹಾಳೆಗಳಿರುತ್ತವೆ, ಅವುಗಳಲ್ಲಿ ಬೆಳಕು ಪಕ್ಕದ ಝೋನ್‌ಗಳಿಗೂ ಹಬ್ಬುತ್ತದೆ. ಹಾಗಾಗಿ ಝೋನ್ ಸಂಖ್ಯೆಯೊಂದನ್ನೇ ನೋಡಿ ಎರಡು ಟಿವಿಗಳನ್ನು ಹೋಲಿಸಬೇಡಿ. ಕಡಿಮೆ ಝೋನ್ ಇದ್ದೂ ಬೆಳಕನ್ನು ಹತೋಟಿಯಲ್ಲಿಡುವ ಟಿವಿ ಹೆಚ್ಚು ಝೋನ್ ಇರುವುದಕ್ಕಿಂತ ಚೆನ್ನಾಗಿ ಕಾಣಬಹುದು.

ಹಾಲೋ ಎಷ್ಟು ಎದ್ದು ಕಾಣುತ್ತದೆ ಎನ್ನುವುದು ಯಾವುದರ ಮೇಲೆ ನಿಂತಿದೆ?

ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಪುರುಸೊತ್ತಿದ್ದರೆ ಇದನ್ನು ಓದಿ. ಹಾಲೋ ಎಷ್ಟು ದೊಡ್ಡದು ಎನ್ನುವುದನ್ನು ಝೋನ್ ತೀರ್ಮಾನಿಸುತ್ತದೆ. ಅದು ಎಷ್ಟು ಬೆಳ್ಳಗಿದೆ ಎನ್ನುವುದನ್ನು ತೀರ್ಮಾನಿಸುವುದು ಬೇರೆ ಎರಡು ಸಂಗತಿಗಳು: ಹಿಂದಿನ ದೀಪ ಎಷ್ಟು ಜೋರಾಗಿ ಉರಿಯುತ್ತಿದೆ, ಮತ್ತು ಪ್ಯಾನೆಲ್ ಎಷ್ಟು ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ.

ಲೆಕ್ಕ ಸುಲಭ. ಪ್ಯಾನೆಲ್‌ನ ಸಹಜ ಕಾಂಟ್ರಾಸ್ಟ್ 5000ಕ್ಕೆ 1 ಇದ್ದರೆ, ಅದು ಕಪ್ಪು ತೋರಿಸುವಾಗಲೂ ಬಿಳಿಯ ಐದು ಸಾವಿರದ ಒಂದು ಪಾಲು ಬೆಳಕು ಹೊರಬರುತ್ತದೆ. ಪರದೆಯ ಬೆಳಕನ್ನು ನಿಟ್‌ನಲ್ಲಿ ಅಳೆಯುತ್ತಾರೆ. ಹಿಂದಿನ ದೀಪ 1000 ನಿಟ್ ಬಿಳಿ ಕೊಡುವಷ್ಟು ಉರಿಯುತ್ತಿದ್ದರೆ ಸುತ್ತಲಿನ ಕಪ್ಪು 0.2 ನಿಟ್ ಆಗುತ್ತದೆ. ಕತ್ತಲ ಕೋಣೆಯಲ್ಲಿ ಅದು ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ, ಯಾಕೆಂದರೆ ಪಕ್ಕದಲ್ಲೇ ದೀಪ ಪೂರ್ತಿ ಆರಿದ ಝೋನ್ ಇದೆ. ಅದೇ ದೀಪವನ್ನು 100 ನಿಟ್‌ಗೆ ಇಳಿಸಿದರೆ ಸೋರಿಕೆ 0.02 ನಿಟ್. ಅದನ್ನು ಹುಡುಕಿ ನೋಡಬೇಕಾಗುತ್ತದೆ.

ಪ್ಯಾನೆಲ್ ಬಗೆಯಿಂದಲೂ ಬಹಳ ವ್ಯತ್ಯಾಸವಾಗುತ್ತದೆ. ವಿಎ ಪ್ಯಾನೆಲ್‌ಗಳ ಸಹಜ ಕಾಂಟ್ರಾಸ್ಟ್ ಸಾಮಾನ್ಯವಾಗಿ 3000ದಿಂದ 6000ದ ಆಸುಪಾಸು. ಐಪಿಎಸ್ ಬಗೆಯವು 1000ದ ಸುತ್ತಮುತ್ತ. ಒಂದೇ ಝೋನ್ ಸಂಖ್ಯೆ, ಒಂದೇ ಬೆಳಕು ಇದ್ದರೂ ಐಪಿಎಸ್‌ನ ಹಾಲೋ ನಾಲ್ಕೈದು ಪಟ್ಟು ಬೆಳ್ಳಗಿರುತ್ತದೆ. ಕತ್ತಲ ಸಿನಿಮಾ ನೋಡುವವರು ಟಿವಿ ಕೊಳ್ಳುವ ಮೊದಲು ಝೋನ್ ಎಷ್ಟು ಎಂದು ಕೇಳುವುದಕ್ಕೂ ಮುಂಚೆ ಪ್ಯಾನೆಲ್ ಯಾವುದು ಎಂದು ಕೇಳಬೇಕು.

ನಾನು ಸೋಫಾದ ಅಂಚಿನಲ್ಲಿ ಕೂತಾಗ ಹಾಲೋ ಜಾಸ್ತಿ. ಇದು ನನ್ನ ಭ್ರಮೆಯೇ?

ಭ್ರಮೆಯಲ್ಲ. ವಿಎ ಪ್ಯಾನೆಲ್ ನೇರವಾಗಿ ನೋಡಿದಾಗ ಮಾತ್ರ ಬಿಗಿಯಾಗಿ ಮುಚ್ಚಿಕೊಂಡಂತೆ ಕಾಣುತ್ತದೆ. ಓರೆಯಿಂದ ನೋಡಿದರೆ ಕಾಂಟ್ರಾಸ್ಟ್ ಬಿದ್ದುಹೋಗುತ್ತದೆ, ಸೋರಿಕೆ ಹೆಚ್ಚುತ್ತದೆ. ಇದಕ್ಕೆ ಮೆನುವಿನಲ್ಲಿ ಮದ್ದಿಲ್ಲ. ನಡುವೆ ಕೂರುವುದು, ಇಲ್ಲವೇ ಟಿವಿಯನ್ನು ನಿಮ್ಮತ್ತ ಸ್ವಲ್ಪ ತಿರುಗಿಸುವುದು, ಎರಡೇ ದಾರಿ.

ಅದು ಟಿವಿಯ ಹಾಲೋನೋ, ನನ್ನ ಕಣ್ಣಿನದೋ ಎಂದು ತಿಳಿಯುವುದು ಹೇಗೆ?

ಒಳ್ಳೆಯ ಪ್ರಶ್ನೆ, ಬಹಳ ಜನ ಇದನ್ನು ಕೇಳಿಕೊಳ್ಳುವುದೇ ಇಲ್ಲ. ಕತ್ತಲಲ್ಲಿ ಪ್ರಖರ ಬೆಳಕು ನೋಡಿದಾಗ ಕಣ್ಣೊಳಗೇ ಬೆಳಕು ಚದುರಿ ಸುತ್ತ ಒಂದು ಮಂಜು ಕಾಣುತ್ತದೆ. ಕನ್ನಡಕದ ಮೇಲೆ ಬೆರಳಿನ ಜಿಡ್ಡಿದ್ದರಂತೂ ಇನ್ನೂ ಹೆಚ್ಚು. ಪಿಕ್ಸೆಲ್ಲೇ ಬೆಳಗುವ ಓಎಲ್‌ಇಡಿ ಪರದೆಯಲ್ಲೂ ಈ ಮಂಜು ಕಾಣುತ್ತದೆ.

ಪರೀಕ್ಷೆ ಹೀಗೆ: ಕಪ್ಪು ಹಿನ್ನೆಲೆಯಲ್ಲಿ ಪ್ರಖರವಾದ ಸಣ್ಣ ವಸ್ತು ಇರುವ ಚೌಕಟ್ಟಿನಲ್ಲಿ ಸಿನಿಮಾ ನಿಲ್ಲಿಸಿ. ನೀವು ಕೂತಲ್ಲಿಂದಲೇ ಒಂದು ಕಣ್ಣು ಮುಚ್ಚಿ, ಹೆಬ್ಬೆರಳನ್ನು ಚಾಚಿ ಆ ಬೆಳಕಿನ ವಸ್ತುವನ್ನಷ್ಟೇ ಮರೆ ಮಾಡಿ, ಸುತ್ತಲಿನ ಜಾಗ ಕಾಣುತ್ತಿರಲಿ. ಮಬ್ಬು ಹಾಗೇ ಉಳಿದರೆ ಅದು ಟಿವಿಯದು. ಬೆರಳು ಅಡ್ಡ ಬಂದ ತಕ್ಷಣ ಮಾಯವಾದರೆ ಅದು ನಿಮ್ಮ ಕಣ್ಣಿನದು, ಮೆನು ತಡಕಾಡಿ ಉಪಯೋಗವಿಲ್ಲ.

ಮೊಬೈಲ್‌ನಲ್ಲಿ ಫೋಟೊ ತೆಗೆದು ಸಾಕ್ಷಿ ಒದಗಿಸುವವರೂ ಇದ್ದಾರೆ. ಕತ್ತಲ ದೃಶ್ಯ ಕಂಡರೆ ಫೋನ್ ತಾನಾಗಿಯೇ ಎಕ್ಸ್‌ಪೋಶರ್ ಏರಿಸಿ, ಕಣ್ಣಿಗೆ ಕಾಣದ ಸೋರಿಕೆಯನ್ನೂ ಬಿಳಿ ಮೋಡದಂತೆ ತೋರಿಸುತ್ತದೆ. ಫೋಟೊ ನೋಡಿ ಟಿವಿಯನ್ನು ಅಳೆಯಬೇಡಿ.

ಮೆನುವಿನಲ್ಲಿ ಲೋ, ಮೀಡಿಯಂ, ಹೈ ಎಂದಿದೆ. ಹೈ ಇಟ್ಟರೆ ಹೆಚ್ಚು ಝೋನ್‌ಗಳು ಕೆಲಸ ಮಾಡುತ್ತವೆಯೇ?

ಇಲ್ಲ. ಝೋನ್‌ಗಳ ಸಂಖ್ಯೆ ಕಾರ್ಖಾನೆಯಲ್ಲೇ ನಿಗದಿಯಾಗಿರುತ್ತದೆ, ರಿಮೋಟ್‌ನಿಂದ ಒಂದನ್ನೂ ಸೇರಿಸಲಾಗದು, ಕಳೆಯಲಾಗದು. Local Dimming ಅಥವಾ Auto local dimming ಎಂಬ ಹೆಸರಿನಲ್ಲಿರುವ ಆ ಆಯ್ಕೆ ಬದಲಿಸುವುದು ಟಿವಿಯ ಧೈರ್ಯವನ್ನು: ಕಪ್ಪು ಜಾಗದ ದೀಪವನ್ನು ಎಷ್ಟರ ಮಟ್ಟಿಗೆ ಆರಿಸಬೇಕು, ಬೆಳಕಿನ ಜಾಗದ ದೀಪವನ್ನು ಎಷ್ಟು ಏರಿಸಬೇಕು, ಅಕ್ಕಪಕ್ಕದ ಝೋನ್‌ಗಳ ನಡುವೆ ಎಷ್ಟು ಅಂತರ ಬಿಡಬಹುದು, ಎಷ್ಟು ಬೇಗ ಬದಲಾಯಿಸಬಹುದು.

ಇಲ್ಲಿ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವಂಥ ಕಷ್ಟವಿದೆ. ಒಂದು ಝೋನ್‌ನಲ್ಲಿ ಮುಕ್ಕಾಲು ಪಾಲು ಕಪ್ಪು, ಮೂಲೆಯಲ್ಲಿ ಒಂದು ನಕ್ಷತ್ರ ಇದೆ ಎಂದುಕೊಳ್ಳಿ. ನಕ್ಷತ್ರ ಹೊಳೆಯಬೇಕೆಂದು ದೀಪ ಏರಿಸಿದರೆ ಕಪ್ಪು ಬೂದಾಗುತ್ತದೆ. ಕಪ್ಪು ಉಳಿಯಬೇಕೆಂದು ದೀಪ ಇಳಿಸಿದರೆ ನಕ್ಷತ್ರ ಮಂಕಾಗುತ್ತದೆ, ಕೆಲವೊಮ್ಮೆ ಇಲ್ಲವಾಗುತ್ತದೆ. ಲೋ, ಮೀಡಿಯಂ, ಹೈ ಎಲ್ಲವೂ ಈ ಎರಡರ ನಡುವಿನ ಬೇರೆ ಬೇರೆ ರಾಜಿಗಳು. ಒಂದು ತಯಾರಕರ ಹೈ ಇನ್ನೊಬ್ಬರ ಹೈ ಥರ ಇರುವುದಿಲ್ಲ. ಕೆಲವು ಟಿವಿಗಳಲ್ಲಿ ಹೈ ಇಟ್ಟರೆ ಹಾಲೋ ಕಡಿಮೆ, ಕೆಲವದರಲ್ಲಿ ಹೈ ಎಂದರೆ ಬೆಳಕಿನ ಭಾಗಗಳನ್ನು ಇನ್ನಷ್ಟು ಏರಿಸುವುದು, ಹಾಗಾಗಿ ಹಾಲೋ ಹೆಚ್ಚು. ಹೆಸರನ್ನು ನಂಬದೆ ಒಂದೇ ದೃಶ್ಯವನ್ನು ಮೂರರಲ್ಲೂ ನೋಡುವುದು ವಾಸಿ.

ಹಾಗಾದರೆ ಡಿಮ್ಮಿಂಗ್ ಅನ್ನೇ ಆಫ್ ಮಾಡಿದರೆ ಹಾಲೋ ಹೋಗುವುದಿಲ್ಲವೇ?

ಹೋಗುತ್ತದೆ, ಆದರೆ ಪರದೆ ಪೂರ್ತಿ ಹಾಲೋ ಆಗುತ್ತದೆ. ಎಲ್ಲ ದೀಪಗಳೂ ಒಂದೇ ಸಮ ಉರಿಯುವುದರಿಂದ ಸೋರಿಕೆ ಎಲ್ಲೆಡೆ ಒಂದೇ ಸಮ ಇರುತ್ತದೆ, ಗಡಿ ಕಾಣದ್ದರಿಂದ ಕಣ್ಣು ಅದನ್ನು ದೋಷವೆಂದು ಗುರುತಿಸುವುದಿಲ್ಲ. ಹಾಲೋ ಅಂದರೆ ಕಣ್ಣು ಕಿತ್ತು ಬರುತ್ತದೆ ಎನ್ನುವವರು ಲೋ ಇಟ್ಟುಕೊಳ್ಳಲಿ. ಆಫ್ ಮಾಡುವುದಾದರೆ ಮಿನಿ ಎಲ್‌ಇಡಿಗೆ ಹಣ ಕೊಟ್ಟದ್ದೇಕೆ ಎಂದು ನನ್ನ ಅನಿಸಿಕೆ.

ಕತ್ತಲ ಸಿನಿಮಾಗೆ ಮೊದಲು ಏನನ್ನು ಮುಟ್ಟಬೇಕು?

ಬ್ಯಾಕ್‌ಲೈಟ್. ಬಹುತೇಕರು ನೇರವಾಗಿ ಡಿಮ್ಮಿಂಗ್ ಆಯ್ಕೆಗೆ ಹೋಗಿ ಮೂರನ್ನೂ ತಿರುಗಿಸಿ, ಬೇಸರವಾಗಿ ಬಿಡುತ್ತಾರೆ. ನಾನೂ ಹಾಗೇ ಮಾಡಿದ್ದೆ. ನನ್ನಲ್ಲಿರುವುದು 65 ಇಂಚಿನ ವಿಎ ಪರದೆ, ಸುಮಾರು 500 ಝೋನ್‌ಗಳು. ಕತ್ತಲ ಓಣಿಯಲ್ಲಿ ಒಬ್ಬಾಕೆ ಲಾಟೀನು ಹಿಡಿದು ನಡೆಯುವ ಎಸ್‌ಡಿಆರ್, ಅಂದರೆ ಎಚ್‌ಡಿಆರ್ ಅಲ್ಲದ ಸಾಮಾನ್ಯ ವಿಡಿಯೊದ ದೃಶ್ಯವೊಂದಿತ್ತು. ಲಾಟೀನಿನ ಸುತ್ತ ಅಂಗೈಯಷ್ಟು ಅಗಲದ ಬೂದು ಚೌಕ, ಆಕೆ ನಡೆದಂತೆ ಅದೂ ಅರೆಕ್ಷಣ ಹಿಂದುಳಿದು ತೆವಳುತ್ತಿತ್ತು. ಡಿಮ್ಮಿಂಗ್ ಯಾವ ಮಟ್ಟಕ್ಕಿಟ್ಟರೂ ಚೌಕ ಹೋಗಲಿಲ್ಲ.

ಕಾರಣ ಕೊನೆಗೆ ತಿಳಿಯಿತು. ಟಿವಿ ಹಗಲಿಗೆಂದು ಹೊಂದಿಸಿದ ಮೋಡ್‌ನಲ್ಲೇ ಇತ್ತು. ಎಸ್‌ಡಿಆರ್ ಸಿನಿಮಾವನ್ನು ಕತ್ತಲ ಕೋಣೆಯಲ್ಲಿ ನೋಡಲು ಬಿಳಿ 100 ನಿಟ್ ಇದ್ದರೆ ಸಾಕು, ಸಿನಿಮಾಗೆ ಬಣ್ಣ ಕೂಡಿಸುವ ಸ್ಟುಡಿಯೊಗಳಲ್ಲಿ ಇಟ್ಟುಕೊಳ್ಳುವ ಅಳತೆಯೂ ಅದೇ. ಹಗಲಿನ ಮೋಡ್‌ಗಳು ಅದರ ಮೂರ್ನಾಲ್ಕು ಪಟ್ಟು ಬೆಳಕು ಚೆಲ್ಲುವುದು ಸಾಮಾನ್ಯ. ಮೇಲಿನ ಲೆಕ್ಕದ ಪ್ರಕಾರ 300 ನಿಟ್‌ಗೆ ಸೋರಿಕೆ 0.06, 100 ನಿಟ್‌ಗೆ 0.02. ಡಿಮ್ಮಿಂಗ್ ಮುಟ್ಟದೆಯೇ ಹಾಲೋ ಮೂರರಲ್ಲಿ ಒಂದು ಪಾಲಾಯಿತು. ಬಿಳಿಯೂ ಕಪ್ಪೂ ಒಟ್ಟಿಗೆ ಇಳಿದದ್ದರಿಂದ ಚಿತ್ರದ ಕಾಂಟ್ರಾಸ್ಟ್ ಹಾಗೇ ಇತ್ತು, ಕಣ್ಣು ಎರಡು ನಿಮಿಷದಲ್ಲಿ ಹೊಂದಿಕೊಂಡಿತು.

ನಾನು ಅಂದು ಮಾಡಿದ್ದು ಈ ಕ್ರಮದಲ್ಲಿ. ಮೊದಲು ಸಿನಿಮಾ ಅಥವಾ ಫಿಲ್ಮ್‌ಮೇಕರ್ ಮೋಡ್‌ಗೆ ಹೋದೆ. ಕೋಣೆಯ ಬೆಳಕು ನೋಡಿ ತಾನೇ ಬದಲಾಗುವ ಸೆನ್ಸರ್ ಮತ್ತು ಡೈನಮಿಕ್ ಕಾಂಟ್ರಾಸ್ಟ್ ಎರಡನ್ನೂ ಆಫ್ ಮಾಡಿದೆ, ಇಲ್ಲದಿದ್ದರೆ ನಾವು ಇಟ್ಟದ್ದೊಂದು, ಅದು ತೋರಿಸುವುದು ಇನ್ನೊಂದು. ಆಮೇಲೆ ಡಿಮ್ಮಿಂಗ್ ಅನ್ನು ತಾತ್ಕಾಲಿಕವಾಗಿ ಆಫ್ ಮಾಡಿ, ಕಪ್ಪು ಎಲ್ಲಿಂದ ಶುರುವಾಗಬೇಕು ಎಂದು ತೀರ್ಮಾನಿಸುವ ಬ್ಲ್ಯಾಕ್ ಲೆವೆಲ್ ನೋಡಿದೆ. ಇದು ಮುಖ್ಯ. ಕಪ್ಪಿಗಿಂತ ಒಂದು ಕೂದಲೆಳೆ ಬೆಳ್ಳಗಿರುವ ಪಟ್ಟಿಗಳ ಪರೀಕ್ಷಾ ಚಿತ್ರವನ್ನು ಡಿಮ್ಮಿಂಗ್ ಆನ್ ಇಟ್ಟು ನೋಡಿದರೆ ಝೋನ್ ಪೂರ್ತಿ ಆರಿಹೋಗಿ ಪಟ್ಟಿಗಳು ಕಾಣುವುದೇ ಇಲ್ಲ. ನಾವು ಅದನ್ನು ತಪ್ಪು ತಿಳಿದು ಬ್ಲ್ಯಾಕ್ ಲೆವೆಲ್ ಏರಿಸುತ್ತೇವೆ, ಆಮೇಲೆ ಸಿನಿಮಾ ಪೂರ್ತಿ ಬೂದು. ವಿಡಿಯೊದಲ್ಲಿ ಕಪ್ಪು ಎಂದರೆ ಮಟ್ಟ 16. 16 ಕಾಣಬಾರದು, 18ರ ಆಸುಪಾಸಿನಿಂದ ಮೆಲ್ಲಗೆ ಕಾಣಲಾರಂಭಿಸಬೇಕು. ಅದು ಸರಿಯಾದ ಮೇಲೆ ಬ್ಯಾಕ್‌ಲೈಟ್ ಇಳಿಸಿದೆ, ಬಿಳಿ ಗೋಡೆಯ ದೃಶ್ಯ ಕಣ್ಣು ಕುಕ್ಕದಷ್ಟು. ಕಪ್ಪು ಬಿಳಿಯ ನಡುವಿನ ಛಾಯೆಗಳು ಎಷ್ಟು ಗಾಢವಾಗಿರಬೇಕು ಎಂದು ತೀರ್ಮಾನಿಸುವ ಗಾಮಾ ಆಯ್ಕೆಯನ್ನು 2.4ಕ್ಕೆ ಇಟ್ಟೆ, ಕತ್ತಲ ಕೋಣೆಗೆ ಅದು ಹೊಂದುತ್ತದೆ. ಡಿಮ್ಮಿಂಗ್ ಮತ್ತೆ ಆನ್ ಮಾಡಿ ಲಾಟೀನಿನ ದೃಶ್ಯವನ್ನು ಮೂರೂ ಮಟ್ಟದಲ್ಲಿ ನೋಡಿದ್ದು ಕಟ್ಟಕಡೆಗೆ. ನನ್ನ ಟಿವಿಗೆ ಮೀಡಿಯಂ ಒಪ್ಪಿತು: ಹೈನಲ್ಲಿ ಓಣಿಯ ಗೋಡೆಯ ಇಟ್ಟಿಗೆಗಳು ಕಪ್ಪಿನಲ್ಲಿ ಮುಳುಗುತ್ತಿದ್ದವು, ಲೋನಲ್ಲಿ ಓಣಿ ಪೂರ್ತಿ ಬೂದಾಗುತ್ತಿತ್ತು. ಬೂದು ಚೌಕ ಪೂರ್ತಿ ಹೋಗಲಿಲ್ಲ, ಹುಡುಕಿದರೆ ಈಗಲೂ ಸಿಗುತ್ತದೆ.

ಒಂದು ಎಚ್ಚರಿಕೆ: ಕೆಲವು ಮೆನುಗಳಲ್ಲಿ ಬ್ಯಾಕ್‌ಲೈಟ್‌ಗೆ Brightness ಎಂದೇ ಹೆಸರು, ಇನ್ನು ಕೆಲವದರಲ್ಲಿ ಬ್ಲ್ಯಾಕ್ ಲೆವೆಲ್‌ಗೆ ಆ ಹೆಸರು. ಒತ್ತಿ ನೋಡಿ. ಬಿಳಿ ಭಾಗ ಎದ್ದು ಬದಲಾದರೆ ಬ್ಯಾಕ್‌ಲೈಟ್, ನೆರಳುಗಳಷ್ಟೇ ಬದಲಾದರೆ ಬ್ಲ್ಯಾಕ್ ಲೆವೆಲ್.

ಎಚ್‌ಡಿಆರ್ ಸಿನಿಮಾಗೂ ಇದೇ ಕ್ರಮವೇ?

ಪೂರ್ತಿ ಅಲ್ಲ. ಎಚ್‌ಡಿಆರ್‌ನಲ್ಲಿ ಮೇಣದಬತ್ತಿ, ಬೀದಿದೀಪ, ಮಿಂಚು ಇವು ಉಳಿದ ಚಿತ್ರಕ್ಕಿಂತ ಬಹಳ ಪ್ರಖರವಾಗಿರಬೇಕೆಂದೇ ಸಿನಿಮಾ ಮಾಡಿದವರು ಬಯಸಿರುತ್ತಾರೆ. ಅದಕ್ಕಾಗಿ ಟಿವಿ ಬ್ಯಾಕ್‌ಲೈಟ್ ಅನ್ನು ಗರಿಷ್ಠಕ್ಕೆ ಇಟ್ಟುಕೊಂಡು, ಡಿಮ್ಮಿಂಗ್ ಮೇಲೆ ಪೂರ್ತಿ ಭಾರ ಹಾಕುತ್ತದೆ. ಹಾಲೋ ಕಾಣುವುದು ಇಲ್ಲೇ ಹೆಚ್ಚು.

ಬಿಳಿಯ ಶಿಖರವನ್ನು ಹತೋಟಿಯಲ್ಲಿಡುವ ಪ್ರತ್ಯೇಕ ಆಯ್ಕೆ ಕೆಲವು ಟಿವಿಗಳಲ್ಲಿ Peak Luminance ಅಥವಾ ಅದನ್ನು ಹೋಲುವ ಹೆಸರಿನಲ್ಲಿರುತ್ತದೆ. ಕತ್ತಲ ಕೋಣೆಯಲ್ಲಿ ಅದನ್ನು ಒಂದು ಮೆಟ್ಟಿಲು ಇಳಿಸಿ ನೋಡಿ. 1000 ನಿಟ್ ಜ್ವಾಲೆ 500 ಆದರೆ ಸೋರಿಕೆಯೂ 0.2ರಿಂದ 0.1ಕ್ಕೆ ಇಳಿಯುತ್ತದೆ. ಕಣ್ಣು ಬೆಳಕನ್ನು ಪಟ್ಟುಗಳಲ್ಲಿ ಅಳೆಯುವುದರಿಂದ ಅರ್ಧ ಬೆಳಕು ಅರ್ಧದಂತೆ ಕಾಣುವುದಿಲ್ಲ, ಜ್ವಾಲೆ ಸ್ವಲ್ಪವೇ ತಣ್ಣಗಾದಂತೆ ಅನಿಸುತ್ತದೆ. ಹಾಲೋ ಕೂಡ ಸ್ವಲ್ಪವೇ ಇಳಿದಂತೆ ಕಾಣುತ್ತದೆ ಎನ್ನುವುದೂ ಅಷ್ಟೇ ನಿಜ. ಎಚ್‌ಡಿಆರ್‌ನ ಒಂದು ಬಗೆಯಾದ ಡಾಲ್ಬಿ ವಿಷನ್ ಇದ್ದರೆ ಹಲವು ಟಿವಿಗಳಲ್ಲಿ ಡಾರ್ಕ್ ಎಂಬ ಆಯ್ಕೆ ಇರುತ್ತದೆ, ರಾತ್ರಿಗೆ ಅದೇ ಸರಿ.

ಸಬ್‌ಟೈಟಲ್‌ನ ಹಾಲೋಗೆ ಬೇರೆ ಉಪಾಯವಿದೆಯೇ?

ಇದೆ, ಮತ್ತು ಇಷ್ಟು ಸುಲಭವಾಗಿ ಫಲ ಕೊಡುವ ಉಪಾಯ ಇನ್ನೊಂದಿಲ್ಲ. ಸಬ್‌ಟೈಟಲ್‌ನ ಬಣ್ಣವನ್ನು ಬಿಳಿಯಿಂದ ನಡು ಬೂದಿಗೆ ಬದಲಿಸಿ. ಹೆಚ್ಚಿನ ಸ್ಟ್ರೀಮಿಂಗ್ ಆ್ಯಪ್‌ಗಳಲ್ಲೂ ಪ್ಲೇಯರ್‌ಗಳಲ್ಲೂ ಬಣ್ಣ ಅಥವಾ ಪಾರದರ್ಶಕತೆ ಬದಲಿಸಲು ಬರುತ್ತದೆ. ಎಚ್‌ಡಿಆರ್‌ನಲ್ಲಿ ಅಕ್ಷರಗಳು ದೃಶ್ಯಕ್ಕಿಂತ ಎಷ್ಟೋ ಪ್ರಖರವಾಗಿ ಬರುವುದರಿಂದ ಬೂದು ಅಕ್ಷರ ಓದಲು ಹಿತವೂ ಹೌದು.

ಅಕ್ಷರ ಎಲ್ಲಿ ಬೀಳುತ್ತದೆ ಎನ್ನುವುದನ್ನೂ ಗಮನಿಸಿ. 2.39ರ ಅಗಲದ ಸಿನಿಮಾ 4ಕೆ ಪರದೆಯಲ್ಲಿ 1607 ಪಿಕ್ಸೆಲ್ ಎತ್ತರ ತುಂಬುತ್ತದೆ, ಮೇಲೆ ಕೆಳಗೆ ತಲಾ 276 ಪಿಕ್ಸೆಲ್‌ನ ಕಪ್ಪು ಪಟ್ಟಿ ಉಳಿಯುತ್ತದೆ. ಝೋನ್ 90 ಪಿಕ್ಸೆಲ್ ಎತ್ತರವಿದ್ದರೆ ಆ ಪಟ್ಟಿಗೆ ಮೂರು ಸಾಲು ಝೋನ್‌ಗಳು ಸಿಕ್ಕವು, ಅವೆಲ್ಲ ಆರಿದಾಗ ಪಟ್ಟಿ ಕೋಣೆಯ ಕತ್ತಲಲ್ಲಿ ಕರಗುತ್ತದೆ. ಅಲ್ಲಿಗೇ ಸಬ್‌ಟೈಟಲ್ ಬಂದರೆ ಅಪ್ಪಟ ಕಪ್ಪಿನ ನಡುವೆ ದೀಪ ಹೊತ್ತಿದಂತೆ, ಹಾಲೋ ಕಣ್ಣಿಗೆ ರಾಚುತ್ತದೆ. ಅಕ್ಷರವನ್ನು ಚಿತ್ರದೊಳಕ್ಕೆ ಸರಿಸಿದರೆ ಅಲ್ಲಿ ಹೇಗೂ ಒಂದಿಷ್ಟು ಬೆಳಕಿರುವುದರಿಂದ ಮಬ್ಬು ಅದರಲ್ಲಿ ಬೆರೆತುಹೋಗುತ್ತದೆ.

ಕೊನೆಯ ಹೆಸರುಗಳ ಪಟ್ಟಿ ಉರುಳುವಾಗ ಪರದೆ ಉಸಿರಾಡಿದಂತೆ ಏರಿಳಿಯುತ್ತದೆ.

ಸಾಲುಗಳು ಒಂದು ಝೋನ್‌ನಿಂದ ಇನ್ನೊಂದಕ್ಕೆ ದಾಟುತ್ತಾ ಹೋಗುವುದರಿಂದ ದೀಪಗಳು ಏರಿ ಇಳಿಯುತ್ತಿವೆ. ಡಿಮ್ಮಿಂಗ್ ಲೆಕ್ಕಾಚಾರ ಎಷ್ಟು ನಾಜೂಕು ಎಂದು ತಿಳಿಯಲು ಇದಕ್ಕಿಂತ ಕಠಿಣ ದೃಶ್ಯ ಸಿಗುವುದು ಅಪರೂಪ. ಸಿನಿಮಾ ನಡುವೆಯೂ ಹೀಗಾದರೆ ಒಂದು ಮಟ್ಟ ಇಳಿಸಿ. ಹೆಸರುಗಳು ಬರುವಾಗ ಮಾತ್ರ ಆದರೆ ಬಿಟ್ಟುಬಿಡಿ.

ನನ್ನ ಟಿವಿಯಲ್ಲಿ ಎಷ್ಟು ಝೋನ್‌ಗಳಿವೆ ಎಂದು ಮನೆಯಲ್ಲೇ ಎಣಿಸಬಹುದೇ?

ಅಂದಾಜಿಗೆ ಎಣಿಸಬಹುದು. ಲ್ಯಾಪ್‌ಟಾಪ್‌ನಲ್ಲಿ ವಿಡಿಯೊ ತಯಾರಿಸುವ ಎಫ್‌ಎಫ್‌ಎಂಪೆಗ್ ತಂತ್ರಾಂಶ ಇದ್ದರೆ ಈ ಆಜ್ಞೆ ಒಂದು ನಿಮಿಷದ ವಿಡಿಯೊ ಮಾಡಿಕೊಡುತ್ತದೆ, ವಿಂಡೋಸ್‌ನಲ್ಲಾದರೆ ಸಾಲಿನ ಕೊನೆಯ `\` ಗುರುತುಗಳನ್ನು ತೆಗೆದು ಎಲ್ಲವನ್ನೂ ಒಂದೇ ಸಾಲಿನಲ್ಲಿ ಬರೆಯಿರಿ:

```
ffmpeg -f lavfi -i color=black:s=3840x2160:r=24:d=60 \
 -f lavfi -i color=white:s=40x40:r=24:d=60 \
 -filter_complex "[0:v][1:v]overlay=x=64*t:y=1060" \
 -pix_fmt yuv420p zone.mp4
```

ಕಪ್ಪು ಪರದೆಯ ಮೇಲೆ 40 ಪಿಕ್ಸೆಲ್‌ನ ಬಿಳಿ ಚೌಕ ಎಡದಿಂದ ಬಲಕ್ಕೆ ನಿಧಾನವಾಗಿ ಸಾಗುತ್ತದೆ. ಪೆನ್‌ಡ್ರೈವ್‌ಗೆ ಹಾಕಿ ಕತ್ತಲಲ್ಲಿ ಓಡಿಸಿ. ಚೌಕ ಸರಾಗವಾಗಿ ಹೋಗುತ್ತದೆ, ಸುತ್ತಲಿನ ಮಬ್ಬು ಮಾತ್ರ ಹೆಜ್ಜೆ ಹೆಜ್ಜೆಯಾಗಿ ಜಿಗಿಯುತ್ತದೆ. ಜಿಗಿತಗಳನ್ನು ಎಣಿಸಿ. 41 ಬಂದರೆ ಶುರುವಿನ ಝೋನ್ ಸೇರಿ ಅಡ್ಡಕ್ಕೆ 42 ಝೋನ್‌ಗಳು. ಝೋನ್ ಚೌಕವಾಗಿದೆ ಎಂದುಕೊಂಡರೆ ಉದ್ದಕ್ಕೆ ಅದರ ಹದಿನಾರರಲ್ಲಿ ಒಂಬತ್ತು ಪಾಲು, ಅಂದರೆ 24. ಒಟ್ಟು ಸಾವಿರದ ಹತ್ತಿರ. ಪಕ್ಕದ ಝೋನ್‌ಗಳನ್ನೂ ಮೆಲ್ಲಗೆ ಬೆಳಗಿಸಿ ಜಿಗಿತವನ್ನು ಮರೆಸುವ ಟಿವಿಗಳಲ್ಲಿ ಎಣಿಕೆ ತಪ್ಪುತ್ತದೆ. ಎಣಿಸಲು ಆಗದಷ್ಟು ನುಣುಪಾಗಿದ್ದರೆ ಆ ಟಿವಿಯ ಡಿಮ್ಮಿಂಗ್ ಚೆನ್ನಾಗಿದೆ ಎಂದೇ ಅರ್ಥ.

ಗೇಮ್ ಮೋಡ್‌ನಲ್ಲಿ ಸಿನಿಮಾ ನೋಡಿದರೆ ಹಾಲೋ ಹೆಚ್ಚು ಕಾಣುತ್ತದೆ, ಏಕೆ?

ತಡವಿಲ್ಲದೆ ಚಿತ್ರ ತೋರಿಸಲೆಂದು ಹಲವು ಟಿವಿಗಳು ಗೇಮ್ ಮೋಡ್‌ನಲ್ಲಿ ಡಿಮ್ಮಿಂಗ್ ಲೆಕ್ಕಾಚಾರವನ್ನು ಸರಳಗೊಳಿಸುತ್ತವೆ. ಕನ್ಸೋಲ್‌ನಲ್ಲಿ ಸಿನಿಮಾ ಹಾಕುವಾಗ ಮೋಡ್ ಬದಲಿಸಿ.

ಟಿವಿಯ ಹಿಂದೆ ದೀಪದ ಪಟ್ಟಿ ಅಂಟಿಸಿದರೆ ನಿಜವಾಗಿ ಉಪಯೋಗವಿದೆಯೇ?

ಇದೆ. ಸೋರಿಕೆ ಒಂದಿಷ್ಟೂ ಕಡಿಮೆಯಾಗುವುದಿಲ್ಲ, ಬದಲಾಗುವುದು ನಿಮ್ಮ ಕಣ್ಣು. ಹಿಂದಿನ ಗೋಡೆ ಮೆಲ್ಲಗೆ ಬೆಳಗಿದಾಗ ಕಣ್ಣು ಪೂರ್ತಿ ಕತ್ತಲಿಗೆ ಹೊಂದಿಕೊಳ್ಳುವುದಿಲ್ಲ, ಹಾಗಾಗಿ 0.02 ನಿಟ್‌ನ ಬೂದು ಅದಕ್ಕೆ ಕಪ್ಪಾಗಿಯೇ ತೋರುತ್ತದೆ. ಬಣ್ಣ ಬದಲಿಸುವ ಪಟ್ಟಿ ಬೇಡ. 6500 ಕೆಲ್ವಿನ್‌ನ ಬಿಳಿ ಇರಲಿ, ಗೋಡೆಯ ಬೆಳಕು ಪರದೆಯ ಬಿಳಿಯ ಹತ್ತನೇ ಒಂದು ಪಾಲು ಮೀರದಿರಲಿ. ದೀಪ ಗೋಡೆಗೆ ಮುಖಮಾಡಿರಬೇಕು, ಪರದೆಯ ಮೇಲೆ ಬೀಳಬಾರದು.

ಯಾವಾಗ ಇದನ್ನು ದೋಷವೆಂದು ದೂರು ಕೊಡಬಹುದು?

ಹಾಲೋ ಯಾವತ್ತೂ ಬೆಳಕಿನ ವಸ್ತುವನ್ನು ಹಿಂಬಾಲಿಸುತ್ತದೆ. ವಸ್ತು ಸರಿದರೂ ಒಂದೇ ಜಾಗದಲ್ಲಿ ಉಳಿಯುವ ಬೆಳಕಿನ ಅಥವಾ ಕತ್ತಲಿನ ಚೌಕ ಹಾಲೋ ಅಲ್ಲ, ಆ ಝೋನ್‌ನ ಎಲ್‌ಇಡಿ ಅಥವಾ ಅದನ್ನು ನಡೆಸುವ ಸರ್ಕ್ಯೂಟ್ ಕೈಕೊಟ್ಟಿದೆ. ಮೇಲಿನ ವಿಡಿಯೊವನ್ನೇ ಬಳಸಿ: `y=1060` ಬದಲು `y=100`, `y=300` ಎಂದು ಬೇರೆ ಬೇರೆ ಎತ್ತರದಲ್ಲಿ ಚೌಕವನ್ನು ಓಡಿಸಿ. ಒಂದು ಜಾಗ ದಾಟುವಾಗ ಪ್ರತಿ ಸಲವೂ ಚೌಕ ಮಂಕಾದರೆ ಅಲ್ಲಿಯ ದೀಪ ಸತ್ತಿದೆ. ಫೋನ್ ಎಕ್ಸ್‌ಪೋಶರ್ ಲಾಕ್ ಮಾಡಿ ಅದನ್ನು ವಿಡಿಯೊ ಮಾಡಿಕೊಳ್ಳಿ, ಸರ್ವಿಸ್‌ನವರು ಬಂದಾಗ ಮಾತಿಗಿಂತ ಅದು ಬೇಗ ಕೆಲಸ ಮಾಡುತ್ತದೆ.

ಇನ್ನೊಂದು, ದೂರು ಕೊಡುವ ಮೊದಲು ನೋಡಬೇಕಾದದ್ದು: ಯಾವ ಬೆಳಕಿನ ವಸ್ತುವೂ ಇಲ್ಲದಿದ್ದರೂ ಎಚ್‌ಡಿಎಂಐ ಪೆಟ್ಟಿಗೆಯಿಂದ ಬರುವ ಚಿತ್ರ ಪೂರ್ತಿ ಬೂದಾಗಿದ್ದು, ಟಿವಿಯ ಸ್ವಂತ ಆ್ಯಪ್‌ಗಳಲ್ಲಿ ಸರಿಯಾಗಿದ್ದರೆ ಅದು ಬ್ಲೂಮಿಂಗ್ ಅಲ್ಲವೇ ಅಲ್ಲ. ಪೆಟ್ಟಿಗೆ ಕಪ್ಪು 16ರಿಂದ ಶುರುವಾಗುವ ಲಿಮಿಟೆಡ್ ರೇಂಜ್‌ನಲ್ಲಿ ಕಳಿಸುತ್ತಿದೆ, ಟಿವಿ ಅದನ್ನು ಕಪ್ಪು ಸೊನ್ನೆಯಿಂದ ಶುರುವಾಗುವ ಫುಲ್ ರೇಂಜ್ ಎಂದು ಓದುತ್ತಿದೆ, ಹಾಗಾಗಿ 16ರ ಕಪ್ಪು ಬೂದಾಗಿ ಕಾಣುತ್ತಿದೆ. ಎರಡೂ ಕಡೆ ಒಂದೇ ಆಯ್ಕೆ ಇಟ್ಟರೆ ಸರಿಹೋಗುತ್ತದೆ.